ಧಾರೆಯ ಚಿತ್ರದಲ್ಲಿ ಯಾರು ಯಾರು?

ಹಳೆಯ ಮನೆಗೆ ಸುಣ್ಣ ಬಳಿಯುವ ಕಾಲದಲ್ಲಾಗಲಿ, ಅಣ್ಣತಮ್ಮಂದಿರು ಪಾಲಾಗಿ ಸಾಮಾನುಗಳನ್ನು ಹಂಚಿಕೊಳ್ಳುವ ಸಂದರ್ಭದಲ್ಲಾಗಲಿ, ನಡುಮನೆಯ ಗೋಡೆಯಿಂದಲೋ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಿಂದಲೋ ಮದುವೆಯ ಚಿತ್ರವೊಂದು ಕೆಳಗಿಳಿಯುವುದುಂಟು. ಅಂಚು ಗೆದ್ದಲು ತಿಂದಿರುತ್ತದೆ, ಕಪ್ಪು ಬಿಳುಪು ಬಣ್ಣವು ಮಾಸಿ ಕಂದಾಗಿರುತ್ತದೆ, ರಟ್ಟಿನ ಕೆಳಗಡೆ ಸ್ಟುಡಿಯೋದ ಹೆಸರು ಮಾತ್ರ ಉಳಿದಿರುತ್ತದೆ. ಮನೆಯ ಮೂರು ತಲೆಮಾರಿನವರು ಅದರ ಸುತ್ತ ಕುಳಿತು, ಇವರು ನಮ್ಮ ಮುತ್ತಜ್ಜನಿರಬೇಕು, ಅಲ್ಲ, ಅವರು ಮುತ್ತಜ್ಜಿಯ ಅಣ್ಣ, ಎಂದು ವಾದಿಸುತ್ತಿರುವಾಗ, ನಿಜವಾಗಿ ಹೇಳಬಲ್ಲವರು ಹತ್ತು ವರ್ಷಗಳ ಹಿಂದೆಯೇ ತೀರಿಹೋಗಿರುತ್ತಾರೆ.

ಹೀಗೆ ಹೆಸರು ಕಳೆದುಕೊಂಡ ಚಿತ್ರವು ಸಂಪೂರ್ಣವಾಗಿ ಮೂಕವಾದುದೇನೂ ಅಲ್ಲ. ಮದುವೆಯೆಂಬುದು ಒಬ್ಬೊಬ್ಬರಿಗೆ ಒಂದೊಂದು ಸ್ಥಾನವನ್ನೂ ಒಂದೊಂದು ಕೆಲಸವನ್ನೂ ವಿಧಿಸಿರುವ ಕರ್ಮವಾದುದರಿಂದ, ಯಾರು ಎಲ್ಲಿ ನಿಂತಿದ್ದಾರೆ, ಯಾರ ಕೈಯಲ್ಲಿ ಏನಿದೆ, ಯಾರ ಮೈಮೇಲೆ ಯಾವ ಬಟ್ಟೆಯಿದೆ ಎಂಬುದನ್ನು ನಿಧಾನವಾಗಿ ನೋಡಿದರೆ ಬಹಳಷ್ಟು ತಿಳಿಯುತ್ತದೆ. ಆದರೆ ಹಾಗೆ ತಿಳಿಯುವುದು ಸ್ಥಾನವೇ ಹೊರತು ಸಂಬಂಧವಲ್ಲ. ತಂದೆಯ ಸ್ಥಾನದಲ್ಲಿ ನಿಂತವನು ತಂದೆಯೇ ಆಗಿರಬೇಕೆಂಬ ನಿಯಮವಿಲ್ಲ. ಮನೆಮನೆಗಳಲ್ಲಿ ತಪ್ಪು ಹೆಸರುಗಳು ಹುಟ್ಟಿ ಬೆಳೆಯುವುದು ಬಹುತೇಕ ಈ ಒಂದು ಭೇದವನ್ನು ಮರೆಯುವುದರಿಂದಲೇ. ಹಳೆಯ ಮೈಸೂರು ಪ್ರಾಂತದ ಬ್ರಾಹ್ಮಣ ಮನೆಯೊಂದರ, ಸುಮಾರು 1940ರ ಆಸುಪಾಸಿನ ಧಾರೆಯ ಚಿತ್ರವನ್ನು ಮುಂದಿಟ್ಟುಕೊಂಡು ಈ ಓದಿನ ಕ್ರಮವನ್ನು ನೋಡೋಣ.

ಮೊದಲು ಕೈಗಳು

ಚಿತ್ರವನ್ನು ಹಿಡಿದ ಕೂಡಲೆ ನಮ್ಮ ಕಣ್ಣು ಮುಖಗಳತ್ತ ಓಡುತ್ತದೆ. ಅಜ್ಜನ ಮೂಗು ಯಾರಿಗೆ ಬಂದಿದೆ ಎಂದು ಹುಡುಕತೊಡಗುತ್ತದೆ. ಇದು ಸಹಜವಾದರೂ ನಂಬತಕ್ಕ ದಾರಿಯಲ್ಲ, ಏಕೆಂದರೆ ಅಣ್ಣತಮ್ಮಂದಿರ ಮೂಗುಗಳು ಒಂದೇ ಬಗೆಯಾಗಿರಬಹುದು, ಸೋದರಸಂಬಂಧದಲ್ಲಿ ಮದುವೆಯಾಗುತ್ತಿದ್ದ ಕುಟುಂಬಗಳಲ್ಲಂತೂ ಎರಡು ಪಕ್ಷದವರ ಮುಖಚರ್ಯೆಯೂ ಒಂದೇ ಆಗಿರಬಹುದು. ಮುಖಗಳನ್ನು ಬಿಟ್ಟು ಕೈಗಳನ್ನು ನೋಡಿದರೆ ಕರ್ಮವು ಯಾವುದೆಂದು ತಿಳಿಯುತ್ತದೆ; ಕರ್ಮವು ತಿಳಿದರೆ ಅದರಲ್ಲಿ ಭಾಗಿಗಳಾದವರ ಸ್ಥಾನಗಳು ತಾವಾಗಿಯೇ ಗೊತ್ತಾಗುತ್ತವೆ.

ನಮ್ಮ ಚಿತ್ರದ ನಡುವೆ ಒಂದರ ಮೇಲೊಂದು ಜೋಡಿಸಿದ ಕೈಗಳಿವೆ. ಅವುಗಳ ಮೇಲೆ ಒಂದು ತೆಂಗಿನಕಾಯಿಯಿದೆ. ಪಕ್ಕದಲ್ಲಿ ನಿಂತ ಹೆಂಗಸೊಬ್ಬಳು ಗಿಂಡಿಯಿಂದ ಸಣ್ಣದಾಗಿ ನೀರು ಬಿಡುತ್ತಿದ್ದಾಳೆ. ಇದು ಧಾರೆ, ಎಂದರೆ ಕನ್ಯಾದಾನ. ಆದ್ದರಿಂದ ಆ ಕೈಗಳ ಒಡೆಯರಲ್ಲಿ ಒಬ್ಬಳು ವಧು, ಒಬ್ಬನು ವರ, ಇನ್ನೊಬ್ಬನು ಕನ್ಯೆಯನ್ನು ಕೊಡುವವನು. ನೀರೆರೆಯುವವಳು ಕೊಡುವವನ ಪತ್ನಿ. ನಾಲ್ಕು ಸ್ಥಾನಗಳು ಇಷ್ಟರಿಂದಲೇ ತೀರ್ಮಾನವಾದವು.

ಮದುವೆಯ ಬೇರೆ ಬೇರೆ ಗಳಿಗೆಗಳು ಹೀಗೆಯೇ ಬೇರೆ ಬೇರೆ ಬಂಧುಗಳನ್ನು ಮುಂದಕ್ಕೆ ತರುತ್ತವೆ. ವರನನ್ನು ಮಣೆಯ ಮೇಲೆ ಕೂರಿಸಿ ಅವನ ಕಾಲು ತೊಳೆಯುತ್ತಿರುವ ಹಿರಿಯ ದಂಪತಿಗಳು ವಧುವಿನ ಕಡೆಯವರು. ತಮಗಿಂತ ಕಿರಿಯನ ಪಾದದ ಬಳಿ ಬಾಗಿರುವ ಈ ಹಿರಿಯರನ್ನು ಇಂದಿನ ಮಕ್ಕಳು ಯಾರೆಂದು ತಿಳಿಯದೆ ತಬ್ಬಿಬ್ಬಾಗುವುದುಂಟು. ವಧುವನ್ನು ಮಂಟಪಕ್ಕೆ ಕರೆತರುವವನು, ಹೆಣ್ಣುಮಗು ಚಿಕ್ಕದಾಗಿದ್ದ ಕಾಲದಲ್ಲಿ ಎತ್ತಿಕೊಂಡೇ ಬರುತ್ತಿದ್ದವನು, ತಂದೆಯಲ್ಲ, ಸೋದರಮಾವ. ಲಾಜಹೋಮದ ಹೊತ್ತಿನಲ್ಲಿ ವಧುವಿನ ಬೊಗಸೆಗೆ ಅರಳು ತುಂಬುವ ಹುಡುಗ ಅವಳ ಸೋದರ, ಒಡಹುಟ್ಟಿದವನಿಲ್ಲದಿದ್ದರೆ ಚಿಕ್ಕಪ್ಪನ ಅಥವಾ ದೊಡ್ಡಪ್ಪನ ಮಗ. ಮಾಂಗಲ್ಯಧಾರಣೆಯಲ್ಲಿ ವಧುವಿನ ಹಿಂದೆ ನಿಂತು ಜಡೆಯನ್ನು ಎತ್ತಿಹಿಡಿದು, ಉಳಿದ ಗಂಟುಗಳನ್ನು ಹಾಕುವವಳು ಹಲವು ಮನೆಗಳಲ್ಲಿ ವರನ ಅಕ್ಕತಂಗಿಯರಲ್ಲೊಬ್ಬಳು.

ಗಮನಿಸಬೇಕಾದ ಮಾತೆಂದರೆ, ಈ ಎಲ್ಲ ಕರ್ಮಗಳಲ್ಲಿ ವಧುವಿನ ಬಂಧುಗಳಿಗೆ ಕೈತುಂಬ ಕೆಲಸವಿದೆ, ವರನ ತಂದೆತಾಯಿಗಳಿಗೆ ಅಷ್ಟಾಗಿ ಇಲ್ಲ. ಅವರು ಉಪಚಾರವನ್ನು ಸ್ವೀಕರಿಸುವ ಬೀಗರು. ಆದಕಾರಣ ಧಾರೆಯ ಚಿತ್ರದಲ್ಲಿ ಗುರುತಿಸಲು ಅತ್ಯಂತ ಕಷ್ಟವಾದವರು ಅವರೇ. ವರನ ಬೆನ್ನ ಹಿಂದೆ ಅಂಚಿನ ಶಲ್ಯ ಹೊದ್ದು ಸುಮ್ಮನೆ ನಿಂತ ಗಂಡಸು ಅವನ ತಂದೆಯಾಗಿರಬಹುದು, ದೊಡ್ಡಪ್ಪನಾಗಿರಬಹುದು, ಊರಿನ ಶ್ಯಾನುಭೋಗರೂ ಆಗಿರಬಹುದು.

ಬಾಸಿಂಗ, ಕಂಕಣ, ಅರಿಶಿನದ ದಾರ

ಕೈಗಳು ಕಾಣದ ಚಿತ್ರಗಳಲ್ಲಿ ವೇಷಭೂಷಣಗಳ ಮೊರೆಹೊಗಬೇಕಾಗುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ, ಹೆಚ್ಚು ಒಡವೆ ತೊಟ್ಟವಳೇ ಮದುವೆಯ ಹೆಣ್ಣು ಎಂದು ಭಾವಿಸುವುದು. ಹೊಸದಾಗಿ ಮದುವೆಯಾದ ಅಕ್ಕನೋ ಅತ್ತಿಗೆಯೋ ತನ್ನ ಮೈಮೇಲಿನ ಡಾಬು, ವಂಕಿ, ಅಡ್ಡಿಕೆಗಳಿಂದ ವಧುವನ್ನು ಮೀರಿಸಿ ನಿಂತಿರುವ ಚಿತ್ರಗಳು ಎಷ್ಟೋ ಇವೆ. ವಧುವಿನ ಪಕ್ಕದಲ್ಲೇ ಕಲಶಕನ್ನಡಿಯ ತಟ್ಟೆಯನ್ನು ಹಿಡಿದು ನಿಲ್ಲುವ ಹುಡುಗಿಗೂ ರೇಷ್ಮೆಯ ಉಡುಗೆ, ಮುಡಿತುಂಬ ಹೂವು. ತಟ್ಟೆಯ ಮೇಲಿನ ಕಲಶವೂ ಕನ್ನಡಿಯೂ ಮಸುಕಾಗಿದ್ದರೆ ಅವಳನ್ನೇ ವಧುವೆಂದು ಎಣಿಸಿಬಿಡುವ ಸಂಭವವಿದೆ. ಮೊಗ್ಗಿನ ಜಡೆಯೂ ಸಾಕ್ಷಿಯಲ್ಲ. ಬೇಸಿಗೆಯಲ್ಲಿ ಮಲ್ಲಿಗೆ ಮೊಗ್ಗು ಬಂದಾಗ ಪುಟ್ಟ ಹುಡುಗಿಯರಿಗೆ ಜಡೆ ಹೆಣೆಸಿ, ಬೆನ್ನ ಹಿಂದೆ ನಿಲುಗನ್ನಡಿಯಿಟ್ಟು, ಮುಖವೂ ಜಡೆಯೂ ಒಟ್ಟಿಗೆ ಕಾಣುವಂತೆ ಸ್ಟುಡಿಯೋದಲ್ಲಿ ಚಿತ್ರ ತೆಗೆಸುವ ಪದ್ಧತಿ ನಮ್ಮಲ್ಲಿ ಬಹಳ ಕಾಲ ಇತ್ತು.

ಬೇರೆಯವರಾರೂ ತೊಡದೆ ವಧೂವರರು ಮಾತ್ರ ತೊಡುವ ವಸ್ತುಗಳನ್ನೇ ಹುಡುಕಬೇಕು. ಅವುಗಳಲ್ಲಿ ಮೊದಲನೆಯದು ಬಾಸಿಂಗ. ಬೆಂಡು, ಮಿರುಗುವ ಕಾಗದ, ಮುತ್ತಿನಂಥ ಮಣಿಗಳಿಂದ ಮಾಡಿ ದಾರದಿಂದ ಹಣೆಗೆ ಕಟ್ಟುವ ಈ ಆಭರಣವು ಇಬ್ಬರಿಗೂ ಇರುತ್ತದೆ. ಹಗುರವಾದುದರಿಂದ ಹಳೆಯ ಚಿತ್ರಗಳಲ್ಲಿ ಸ್ವಲ್ಪ ವಾಲಿಕೊಂಡು, ಬಿಳಿಯ ಮಚ್ಚೆಯಂತೆ ಹೊಳೆಯುತ್ತಿರುತ್ತದೆ. ಎರಡನೆಯದು ಕಂಕಣ. ಅರಿಶಿನದ ಕೊಂಬನ್ನು ದಾರದಲ್ಲಿ ಬಿಗಿದು ವರನ ಬಲ ಮುಂಗೈಗೂ ವಧುವಿನ ಎಡ ಮುಂಗೈಗೂ ಕಟ್ಟುತ್ತಾರೆ. ಧಾರೆ ಮುಗಿದು, ಬಾಸಿಂಗವನ್ನು ಬಿಚ್ಚಿ, ವರನು ಕೋಟು ಪೇಟ ಧರಿಸಿ ತನ್ನ ತಮ್ಮಂದಿರ ನಡುವೆ ಕುಳಿತಾಗ, ಅವನನ್ನು ಉಳಿದವರಿಂದ ಬೇರ್ಪಡಿಸುವ ಗುರುತು ಎಷ್ಟೋ ವೇಳೆ ಕೋಟಿನ ತೋಳಿನಿಂದ ಇಣುಕುವ ಈ ಗಂಟೊಂದೇ. ಭೂತಗನ್ನಡಿಯನ್ನು ಮುಖದ ಮೇಲಿಡುವುದಕ್ಕೆ ಮೊದಲು ಮುಂಗೈಯ ಮೇಲಿಡಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಕೆನ್ನೆಯ ಮೇಲೆ ಕಪ್ಪಾದ ದೃಷ್ಟಿಬೊಟ್ಟೂ, ವಧುವಿನ ಸೆರಗಿಗೂ ವರನ ಉತ್ತರೀಯಕ್ಕೂ ಹಾಕಿದ ಗಂಟೂ ಇಂಥವೇ ಗುರುತುಗಳು. ಒಂದೇ ಚಪ್ಪರದಲ್ಲಿ ಎರಡು ಮದುವೆಗಳು ನಡೆದಾಗ, ಯಾವ ವಧುವಿಗೆ ಯಾವ ವರನೆಂಬುದನ್ನು ಹೇಳುವುದು ಆ ಬಟ್ಟೆಯ ಗಂಟೇ.

ವಧುವಿನ ಕೊರಳೂ ಒಂದು ಗಡಿಯಾರದಂತೆ ಕಾಲವನ್ನು ತೋರಿಸುತ್ತದೆ. ಮಾಂಗಲ್ಯವನ್ನು ಮೊದಲು ಕಟ್ಟುವುದು ಅರಿಶಿನದ ದಾರದಲ್ಲಿ. ಅದನ್ನು ಕರಿಮಣಿಯಲ್ಲಿ ಪೋಣಿಸಿಕೊಳ್ಳುವುದು ಆಮೇಲೆ. ಕೊರಳಲ್ಲಿ ದಾರವಿಲ್ಲದಿದ್ದರೆ ಚಿತ್ರವು ಮಾಂಗಲ್ಯಧಾರಣೆಗೆ ಮೊದಲಿನದು, ದಾರವಿದ್ದರೆ ನಂತರದ್ದು, ತುಂಬು ಕರಿಮಣಿ ಸರವಿದ್ದರೆ ಅವಳು ಈ ಮದುವೆಯ ವಧುವಲ್ಲ, ಮದುವೆಗೆ ಬಂದ ಮುತ್ತೈದೆ.

ವಯಸ್ಸನ್ನು ನಂಬಿಯೂ ಮೋಸಹೋಗಬಾರದು. ಮೈಸೂರು ಸಂಸ್ಥಾನವು 1894ರಲ್ಲಿ ಮಾಡಿದ ಶಿಶುವಿವಾಹ ನಿರ್ಬಂಧದ ಕಾನೂನು ತಡೆದದ್ದು 8 ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು, ಮತ್ತು 50 ದಾಟಿದವರು 14 ತುಂಬದ ಹುಡುಗಿಯರನ್ನು ಮದುವೆಯಾಗುವುದನ್ನು ಮಾತ್ರ. ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಗೆ 14, ಹುಡುಗನಿಗೆ 18 ಎಂದು ವಿಧಿಸಿದ ಶಾರದಾ ಕಾಯಿದೆ ಬಂದದ್ದು 1929ರಲ್ಲಿ. ಆದಕಾರಣ ಅದಕ್ಕೂ ಹಿಂದಿನ ಚಿತ್ರದಲ್ಲಿ, ಮುಂಭಾಗದ ಜಮಖಾನೆಯ ಮೇಲೆ ಮಕ್ಕಳ ಸಾಲಿನಲ್ಲಿ ಕುಳಿತಿರುವ ಹತ್ತು ಹನ್ನೊಂದರ ಹುಡುಗಿಯ ಹಣೆಯಲ್ಲಿ ಬಾಸಿಂಗ ಕಂಡರೆ, ಅದು ಆಟಕ್ಕೆ ಕಟ್ಟಿದ್ದಲ್ಲ; ಮದುವೆಯ ಹೆಣ್ಣು ಅವಳೇ.

ಕಪ್ಪಾಗಿ ಕಾಣುವ ಕೆಂಪು

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆಯಿದೆ. ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಛಾಯಾಗ್ರಾಹಕರು ಸಾಮಾನ್ಯವಾಗಿ ಬಳಸುತ್ತಿದ್ದ ಗಾಜಿನ ಫಲಕಗಳಿಗೂ ಫಿಲ್ಮುಗಳಿಗೂ ಕೆಂಪು ಬೆಳಕನ್ನು ಗ್ರಹಿಸುವ ಶಕ್ತಿಯಿರಲಿಲ್ಲ. ಹೀಗಾಗಿ ಕೆಂಪು ವಸ್ತುವು ಚಿತ್ರದಲ್ಲಿ ಕಪ್ಪಾಗಿಯೂ, ನೀಲಿ ವಸ್ತುವು ಬಹುಮಟ್ಟಿಗೆ ಬಿಳುಪಾಗಿಯೂ ಕಾಣುತ್ತದೆ. ಹಣೆಯ ಕುಂಕುಮವು ಮಸಿಯ ಬೊಟ್ಟಿನಂತಿರುತ್ತದೆ. ಕೆಂಪು ರೇಷ್ಮೆಯುಟ್ಟ ವಧುವು ಕರಿಯ ಸೀರೆಯುಟ್ಟಂತೆ ತೋರುತ್ತಾಳೆ. ಮಂಗಳಕಾರ್ಯದಲ್ಲಿ ಕಪ್ಪು ಸೀರೆಯೇ ಎಂದು ಸಂಶಯಪಟ್ಟು, ಇವಳು ವಧುವಾಗಿರಲಾರಳು ಎಂದು ತೀರ್ಮಾನಿಸಿದವರನ್ನು ನಾನು ಬಲ್ಲೆ.

ಇದರಲ್ಲಿ ಮನಸ್ಸನ್ನು ಕಲಕುವ ಅಂಶವೊಂದು ಅಡಗಿದೆ. ಆ ಕಾಲದ ಬ್ರಾಹ್ಮಣ ಮನೆಗಳಲ್ಲಿ ಕೇಶಮುಂಡನವಾದ ವಿಧವೆಯರು ಉಡುತ್ತಿದ್ದುದೂ ಕೆಂಪು ಸೀರೆಯೇ. ಆದ್ದರಿಂದ ವಧುವಿನ ಸೀರೆಯೂ ಮೂಲೆಯಲ್ಲಿ ನಿಂತ ಮಡಿ ಅಜ್ಜಿಯ ಸೀರೆಯೂ ಚಿತ್ರದಲ್ಲಿ ಒಂದೇ ಕಪ್ಪಾಗಿ ಮೂಡುತ್ತವೆ. ಒಂದಕ್ಕೆ ಜರಿಯ ಅಂಚಿದೆ, ಇನ್ನೊಂದಕ್ಕಿಲ್ಲ. ಒಬ್ಬಳಿಗೆ ಮುಂಗೈತುಂಬ ಬಳೆ, ಇನ್ನೊಬ್ಬಳದು ಬರಿಯ ಕೈ. ಒಬ್ಬಳ ಹಣೆಯಲ್ಲಿ ಬೊಟ್ಟು, ಇನ್ನೊಬ್ಬಳ ಹಣೆಯವರೆಗೂ ಎಳೆದ ಸೆರಗು. ಬಣ್ಣವು ಮರೆಮಾಡಿದ ಅಂತರವನ್ನು ಈ ಸಣ್ಣ ವಿವರಗಳೇ ತೋರಿಸಿಕೊಡಬೇಕು.

ನೀರೆರೆಯುವವಳು ತಾಯಿಯೇ?

ಈಗ ನಮ್ಮ ಚಿತ್ರಕ್ಕೆ ಮರಳೋಣ. ಕನ್ಯೆಯನ್ನು ಕೊಡುತ್ತಿರುವವನು ಬರಿಮೈಯಲ್ಲಿದ್ದಾನೆ. ಉಟ್ಟಿರುವುದು ಕಚ್ಚೆ ಹಾಕಿದ ಮಗುಟ. ಬಲಗೈಯ ಉಂಗುರದ ಬೆರಳಿನಲ್ಲಿ ದರ್ಭೆಯ ಪವಿತ್ರವಿದೆ. ಅವನ ಪಕ್ಕದಲ್ಲಿ ಅದೇ ರೀತಿ ಬರಿಮೈಯಲ್ಲಿರುವ ಇನ್ನೊಬ್ಬನಿದ್ದಾನೆ, ಆದರೆ ಅವನ ಕೈಗಳು ಆ ಕೈಗಳ ರಾಶಿಯಲ್ಲಿ ಸೇರಿಲ್ಲ; ಒಂದು ಕೈಯನ್ನು ಸ್ವಲ್ಪ ಎತ್ತಿ, ಬಾಯಿ ತೆರೆದು, ಮುಂದಿನದನ್ನು ಹೇಳಿಕೊಡುತ್ತಿದ್ದಾನೆ. ಇವನು ಪುರೋಹಿತ. ಇಬ್ಬರ ವೇಷವೂ ಹೆಚ್ಚುಕಡಮೆ ಒಂದೇ ಆದುದರಿಂದ ಪುರೋಹಿತನನ್ನು ಮನೆಯ ಹಿರಿಯನೆಂದು ಎಣಿಸುವ ತಪ್ಪು ಹಲವೆಡೆ ಆಗಿದೆ. ಕರ್ಮವನ್ನು ಮಾಡುವವನ ಪಕ್ಕದಲ್ಲಿ ಅವನ ಪತ್ನಿಯಿರುತ್ತಾಳೆ, ಮಾಡಿಸುವವನ ಪಕ್ಕದಲ್ಲಿ ಇರುವುದಿಲ್ಲ ಎಂಬುದನ್ನು ನೆನಪಿಟ್ಟರೆ ಗೊಂದಲ ಪರಿಹಾರವಾಗುತ್ತದೆ.

ಆದರೆ ನೀರೆರೆಯುತ್ತಿರುವ ಹೆಂಗಸಿನತ್ತ ತಿರುಗಿದಾಗ ಒಂದು ತೊಡಕು ಎದುರಾಗುತ್ತದೆ. ಅವಳ ವಯಸ್ಸು ಇಪ್ಪತ್ತೈದು ದಾಟಿರಲಾರದು. ವಧುವಿಗೆ ಹದಿನಾರೋ ಹದಿನೇಳೋ ಇದ್ದೀತು. ತಾಯಿಮಗಳಾಗುವುದು ಸಾಧ್ಯವಿಲ್ಲ. ಅಕ್ಕಭಾವಂದಿರೇ, ಅಣ್ಣ ಅತ್ತಿಗೆಯರೇ, ಚಿಕ್ಕಪ್ಪ ಚಿಕ್ಕಮ್ಮಂದಿರೇ, ಅಥವಾ ತಂದೆಯ ಎರಡನೆಯ ಪತ್ನಿಯೇ ಎಂಬ ಪ್ರಶ್ನೆಗಳು ಒಂದರ ಹಿಂದೊಂದಾಗಿ ಏಳುತ್ತವೆ.

ಧಾರೆ ಎರೆಯುವುದು ದಂಪತಿಗಳ ಕೆಲಸವೆಂದು ನಮ್ಮ ಸಮಾಜ ಭಾವಿಸಿಕೊಂಡಿತ್ತು. ತಂದೆ ತೀರಿಹೋಗಿದ್ದರೆ, ಅಥವಾ ತಾಯಿಯಿಲ್ಲದೆ ತಂದೆಯೊಬ್ಬನೇ ಉಳಿದಿದ್ದರೆ, ಆ ಸ್ಥಾನದಲ್ಲಿ ಬೇರೊಂದು ಜೋಡಿಯನ್ನು ಕೂರಿಸುತ್ತಿದ್ದರು. ಚಿಕ್ಕಪ್ಪ ಚಿಕ್ಕಮ್ಮ, ದೊಡ್ಡಪ್ಪ ದೊಡ್ಡಮ್ಮ, ಅಣ್ಣ ಅತ್ತಿಗೆ, ಯಾರೂ ಇಲ್ಲದಿದ್ದಲ್ಲಿ ಸೋದರಮಾವ ಮತ್ತು ಅವನ ಪತ್ನಿ. ವಿಧವೆಯಾದ ತಾಯಿಯು ಹತ್ತು ವರ್ಷಗಳಿಂದ ಒಬ್ಬಳೇ ಮಗಳನ್ನು ಸಾಕಿ, ಸಾಲಸೋಲ ಮಾಡಿ, ಗಂಡನ್ನು ಹುಡುಕಿ, ಮದುವೆಯ ದಿನ ಮಾತ್ರ ಮಂಟಪದ ಹೊರಗೆ ಉಳಿಯಬೇಕಾಗಿತ್ತು. ಚಿತ್ರವು ಈ ನಿಷ್ಠುರತೆಯನ್ನು ಹಾಗೆಯೇ ಹಿಡಿದಿಟ್ಟಿದೆ, ಮತ್ತು ನಾವು ಎಚ್ಚರದಿಂದ ಓದದಿದ್ದರೆ ಅದನ್ನು ಇನ್ನೊಮ್ಮೆ ಮಾಡುತ್ತೇವೆ: ನೀರೆರೆದವಳ ಕೆಳಗೆ ತಾಯಿಯೆಂದು ಬರೆದು, ತಾಯಿಯನ್ನು ಹೆಸರಿಲ್ಲದವಳನ್ನಾಗಿ ಮಾಡುತ್ತೇವೆ.

ಆದ್ದರಿಂದ ಕಾಣೆಯಾದ ತಾಯಿಯನ್ನು ಚಿತ್ರದ ಅಂಚುಗಳಲ್ಲಿ ಹುಡುಕಬೇಕು. ನಮ್ಮ ಚಿತ್ರದಲ್ಲಿ ಎಡಗಡೆಯ ಕಂಬದ ಹಿಂದೆ, ಬಾಗಿಲಿನ ಚೌಕಟ್ಟಿಗೆ ಒಂದು ಕೈಯಾನಿಸಿ, ತಲೆಯ ಮೇಲೆ ಸೆರಗೆಳೆದು ನಿಂತ ಒಬ್ಬ ಹೆಂಗಸಿದ್ದಾಳೆ. ಅರ್ಧ ಮುಖವು ಕಂಬದ ಮರೆಯಲ್ಲಿದೆ. ಚೌಕಟ್ಟನ್ನು ಹಿಡಿದ ಕೈಯಲ್ಲಿ ಬಳೆಯಿಲ್ಲ. ಅವಳು ವಧುವಿನ ತಾಯಿಯಾಗಿರಬಹುದು. ಅಜ್ಜಿಯೋ ಸೋದರತ್ತೆಯೋ ಆಗಿರಬಾರದೆಂದೇನೂ ಇಲ್ಲ. ಚಿತ್ರವೊಂದರಿಂದಲೇ ಇದಕ್ಕಿಂತ ಮುಂದೆ ಹೋಗಲಾಗದು.

ಮುಂದೆ ಹೋಗಲು ನೆರವಾಗುವುದು ಲಗ್ನಪತ್ರಿಕೆ. ಹಳೆಯ ಪೆಟ್ಟಿಗೆಗಳಲ್ಲಿ ಚಿತ್ರದ ಜೊತೆಯಲ್ಲೇ, ಅರಿಶಿನ ಸವರಿದ ಮೂಲೆಗಳೊಡನೆ ಅದು ಸಿಗುವುದುಂಟು. ಆಹ್ವಾನಿಸುವವರು ಯಾರು, ವಧುವನ್ನು ಅವರು ‘ನನ್ನ ಪುತ್ರಿ’ ಎನ್ನುತ್ತಾರೋ ‘ನನ್ನ ಅಣ್ಣನವರ ಪುತ್ರಿ’ ಎನ್ನುತ್ತಾರೋ ನೋಡಬೇಕು. ತಂದೆಯ ಹೆಸರಿನ ಹಿಂದೆ ‘ದಿವಂಗತ’ವನ್ನು ಸೂಚಿಸುವ ‘ದಿ||’ ಇದೆಯೋ ನೋಡಬೇಕು. ‘ಚಿ|| ಸೌ||’ ಎಂದಿರುವುದು ವಧುವಿನ ಹೆಸರು, ‘ಚಿ|| ರಾ||’ ಎಂದಿರುವುದು ವರನ ಹೆಸರು. ಇಸವಿಯಿಲ್ಲದೆ ಸಂವತ್ಸರ ಮಾತ್ರ ಇದ್ದರೂ ಕಾಲವನ್ನು ಹೇಳಬಹುದು: ವಿಕ್ರಮ ಸಂವತ್ಸರವೆಂದಿದ್ದರೆ ಅದು 1940-41, ಅರವತ್ತು ವರ್ಷಗಳ ಚಕ್ರವಾದುದರಿಂದ 1880 ಅಥವಾ 2000 ಕೂಡ ಆಗಬಹುದಾದರೂ, ಉಡುಗೆಯೂ ಚಿತ್ರದ ಕಾಗದವೂ ಆ ಸಂಶಯಕ್ಕೆ ಎಡೆಗೊಡವು. ನಮ್ಮ ಚಿತ್ರದೊಡನೆ ದೊರೆತ ಪತ್ರಿಕೆಯಲ್ಲಿ ಆಹ್ವಾನಿಸಿದವರು ವಧುವನ್ನು ಅಣ್ಣನ ಮಗಳೆಂದು ಕರೆದಿದ್ದಾರೆ. ಅಣ್ಣನ ಹೆಸರಿನ ಹಿಂದೆ ‘ದಿ||’ ಇದೆ. ಅಲ್ಲಿಗೆ ಬರಿಮೈಯ ಆ ಗಂಡಸು ಚಿಕ್ಕಪ್ಪನೆಂದೂ, ಗಿಂಡಿ ಹಿಡಿದವಳು ಚಿಕ್ಕಮ್ಮನೆಂದೂ, ಕಂಬದ ಹಿಂದಿನವಳು ತಾಯಿಯಾಗಿರುವ ಸಂಭವವು ಬಲವಾಯಿತೆಂದೂ ಹೇಳಬಹುದು.

ಎಲ್ಲ ಸಮುದಾಯಗಳಿಗೂ ಈ ತರ್ಕವನ್ನು ಹಾಗೆಯೇ ಅನ್ವಯಿಸಲಾಗದು. ದಕ್ಷಿಣ ಕರ್ನಾಟಕದ ಒಕ್ಕಲಿಗ ಮನೆಗಳ ಧಾರೆಯಲ್ಲಿ ವಧೂವರರು ಹಿಡಿದ ತೆಂಗಿನಕಾಯಿಯ ಮೇಲೆ ನೆಂಟರಿಷ್ಟರು ಸಾಲಾಗಿ ಬಂದು ಹಾಲೆರೆಯುವರಾದುದರಿಂದ, ಅಂಥ ಚಿತ್ರದಲ್ಲಿ ಎರೆಯುತ್ತಿರುವ ಕೈ ಯಾರದಾದರೂ ಆಗಬಹುದು. ಲಿಂಗಾಯತರ ಮದುವೆಯಲ್ಲಿ ಹಣೆಗೆ ವಿಭೂತಿಯನ್ನು ಧರಿಸಿ ವಧೂವರರ ಸಮೀಪದಲ್ಲಿರುವ ಹಿರಿಯನು ಮನೆಯ ಯಜಮಾನನಲ್ಲ, ಮದುವೆಯನ್ನು ನಡೆಸಿಕೊಡುವ ಅಯ್ಯನವರಿರಬಹುದು.

ಕೊಡಗಿನಲ್ಲಿ ಬೇರೆಯೇ ಕ್ರಮ

ಮೈಸೂರಿನ ಚಿತ್ರವನ್ನು ಓದಲು ಕಲಿತವರು ಕೊಡವರ ಮದುವೆಯ ಚಿತ್ರವನ್ನು ಹಿಡಿದರೆ ತಮ್ಮ ಎಣಿಕೆಗಳನ್ನು ಬಹುಮಟ್ಟಿಗೆ ತಿರುಗಿಸಿಕೊಳ್ಳಬೇಕಾಗುತ್ತದೆ. ಅಲ್ಲಿ ಪುರೋಹಿತನಿಲ್ಲ, ಹೋಮವಿಲ್ಲ, ಹರಸುವವರು ಹಿರಿಯರು. ಗಂಡಸರೆಲ್ಲ ಮೊಣಕಾಲಿನವರೆಗೆ ಬರುವ ಕಪ್ಪು ಕುಪ್ಯವನ್ನು ತೊಟ್ಟು, ನಡುವಿಗೆ ಕೆಂಪು ರೇಷ್ಮೆಯ ಚೇಲೆ ಬಿಗಿದು, ಮುಂದೆ ಪೀಚೆಕತ್ತಿ ಸಿಕ್ಕಿಸಿ ನಿಂತಾಗ, ಅವರ ನಡುವೆ ಬಿಳಿಯ ಕುಪ್ಯ ತೊಟ್ಟವನೇ ಮದುಮಗ. ಕಪ್ಪುಬಿಳುಪಿನ ಚಿತ್ರಕ್ಕೆ ಇದಕ್ಕಿಂತ ಅನುಕೂಲವಾದ ಗುರುತು ಮತ್ತೊಂದಿಲ್ಲ. ಅವನೊಡನೆ ಬೋಜಕಾರನೂ ವಧುವಿನೊಡನೆ ಬೋಜಕಾರ್ತಿಯೂ ಇರುತ್ತಾರೆ. ಇವರು ಒತ್ತಾಸೆಗೆ ನಿಂತವರು, ತಂದೆತಾಯಿಗಳಲ್ಲ. ವಧುವಿನದು ಕೆಂಪು ಸೀರೆ, ತಲೆಯ ಮೇಲೆ ಕೆಂಪು ವಸ್ತ್ರ; ನೆರಿಗೆಗಳು ಬೆನ್ನಿನ ಕಡೆಗಿದ್ದು, ಸೆರಗು ಬಲ ಹೆಗಲ ಮೇಲೆ ಬಂದು ನಿಲ್ಲುತ್ತದೆ.

ಮುಹೂರ್ತದ ಚಿತ್ರದಲ್ಲಿ ವಧುವೋ ವರನೋ ಮುಕ್ಕಾಲಿಯ ಮೇಲೆ ಕುಳಿತಿರುತ್ತಾರೆ. ಹರಸುವವರು ಒಬ್ಬೊಬ್ಬರಾಗಿ ಬಂದು ಮಂಡಿ, ಹೆಗಲು, ತಲೆಗಳ ಮೇಲೆ ಅಕ್ಕಿಯನ್ನಿಟ್ಟು, ಕಿಂಡಿಯಿಂದ ಹಾಲು ಕುಡಿಸಿ, ಹಣವನ್ನು ಕೈಗಿಡುತ್ತಾರೆ. ಹೀಗೆ ಮೊದಲು ಹರಸುವ ಅಧಿಕಾರವು ತಾಯಿಯದು, ಮತ್ತು ಅವಳು ವಿಧವೆಯಾಗಿದ್ದರೂ ಆ ಅಧಿಕಾರವು ಅವಳಿಂದ ತಪ್ಪುವುದಿಲ್ಲ. ವಧುವಿನ ಕೊರಳಿಗೆ ಪತ್ತಾಕನ್ನು ಕಟ್ಟುವವಳೂ ತಾಯಿಯೇ. ಕೊರಳಿನ ಬಳಿ ಕೈಗಳನ್ನು ಕಂಡ ಕೂಡಲೆ ವರನನ್ನು ಹುಡುಕುವ ನಮ್ಮ ಅಭ್ಯಾಸ ಅಲ್ಲಿ ಸಲ್ಲದು. ಮೈಸೂರಿನ ಚಿತ್ರದಲ್ಲಿ ಕಂಬದ ಮರೆಗೆ ಸರಿದವಳು ಕೊಡಗಿನ ಚಿತ್ರದಲ್ಲಿ ಎಲ್ಲರಿಗಿಂತ ಮುಂದೆ, ಬೆಳಕಿನಲ್ಲಿ, ಮಗಳ ಎದುರು ನಿಂತಿದ್ದಾಳೆ. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಕೊಡಗಿನ ಪದ್ಧತಿಯ ಮೇಲೆ ಗೌರವವು ಉಕ್ಕಿಬರುತ್ತದೆ.

ಎಡಬಲಗಳ ತೊಡಕು

ವಧುವು ವರನ ಯಾವ ಬದಿಯಲ್ಲಿದ್ದಾಳೆ ಎಂಬುದೂ ಒಂದು ಸುಳುಹು. ಹೋಮಾದಿ ಕರ್ಮಗಳಲ್ಲಿ ಪತ್ನಿಯು ಪತಿಯ ಬಲಕ್ಕೂ, ಹಿರಿಯರ ಆಶೀರ್ವಾದವನ್ನು ಪಡೆಯುವಾಗ ಎಡಕ್ಕೂ ಇರಬೇಕೆಂಬುದು ರೂಢಿ. ಮನೆತನದಿಂದ ಮನೆತನಕ್ಕೆ ಇದರಲ್ಲಿ ವ್ಯತ್ಯಾಸಗಳುಂಟು. ವರನ ಬಲವು ಚಿತ್ರವನ್ನು ನೋಡುವ ನಮಗೆ ಎಡವಾಗುವುದೆಂಬುದನ್ನು ಮರೆಯಬಾರದು. ಆದರೆ ಈ ಸುಳುಹನ್ನು ಬಳಸುವ ಮೊದಲು ಚಿತ್ರವೇ ತಿರುವುಮುರುವಾಗಿ ಅಚ್ಚಾಗಿಲ್ಲವೆಂದು ನಿಶ್ಚಯಿಸಿಕೊಳ್ಳಬೇಕು. ನೆಗೆಟಿವನ್ನು ಮಗುಚಿಟ್ಟು ಪ್ರತಿ ತೆಗೆದರೆ ಎಡವೆಲ್ಲ ಬಲವಾಗುತ್ತದೆ. ಇತ್ತೀಚೆಗೆ ಹಳೆಯ ನೆಗೆಟಿವುಗಳನ್ನು ಸ್ಕ್ಯಾನ್ ಮಾಡುವವರ ಕೈಯಲ್ಲಿ ಇದು ಮೇಲಿಂದ ಮೇಲೆ ಆಗುತ್ತಿದೆ.

ಪತ್ತೆಹಚ್ಚುವ ಬಗೆ ಸುಲಭ. ಬರಿಮೈಯ ಗಂಡಸರ ಜನಿವಾರವನ್ನು ನೋಡಬೇಕು. ಮಂಗಳಕಾರ್ಯದಲ್ಲಿ ಅದು ಎಡ ಹೆಗಲಿನಿಂದ ಬಲ ಸೊಂಟಕ್ಕೆ ಇಳಿಯುತ್ತದೆ. ಬಲ ಹೆಗಲಿಗೆ ಅದು ಹೋಗುವುದು ಪಿತೃಕಾರ್ಯದಲ್ಲಿ. ಮದುವೆಯ ಚಿತ್ರದಲ್ಲಿ ಎಲ್ಲರ ಜನಿವಾರವೂ ಬಲ ಹೆಗಲ ಮೇಲೆ ಕಂಡರೆ, ತಿರುಗಿರುವುದು ಜನಿವಾರವಲ್ಲ, ನೆಗೆಟಿವು. ಕೋಟಿನ ಎದೆಯ ಜೇಬು ಎಡಕ್ಕಿರಬೇಕು. ಗೋಡೆಯ ಕ್ಯಾಲೆಂಡರಿನ ಅಂಕೆಗಳು ನೆಟ್ಟಗಿರಬೇಕು. ಸೀರೆಯ ಸೆರಗನ್ನು ಮಾತ್ರ ನೆಚ್ಚಬಾರದು; ಅದು ಕೊಡಗಿನಲ್ಲಿ ಬಲ ಹೆಗಲಿಗೆ ಬರುವುದನ್ನು ಈಗತಾನೆ ಕಂಡೆವು, ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿಯೂ ಬಲ ಹೆಗಲಿನ ಸೆರಗು ಉಂಟು.

ಕುರ್ಚಿಗಳ ಸಾಲು

ಮದುವೆಯ ಮರುದಿನವೋ ಬೀಗರ ಔತಣದ ದಿನವೋ ತೆಗೆಸುತ್ತಿದ್ದ ಗುಂಪಿನ ಚಿತ್ರದಲ್ಲಿ ವಿಧಿಯ ಜಾಗವನ್ನು ಛಾಯಾಗ್ರಾಹಕನ ಅಪ್ಪಣೆ ಆಕ್ರಮಿಸಿಕೊಳ್ಳುತ್ತದೆ. ನಡುವೆ ವಧೂವರರು, ಇಕ್ಕೆಲಗಳಲ್ಲಿ ಕುರ್ಚಿಯ ಮೇಲೆ ಹಿರಿಯರು, ಹಿಂದೆ ನಿಂತ ತರುಣರು, ಮುಂದೆ ನೆಲದ ಮೇಲೆ ಮಕ್ಕಳು ಎಂಬುದು ಸಾಮಾನ್ಯ ವಿನ್ಯಾಸ. ವರನ ಬದಿಯಲ್ಲಿ ಅವನ ಕಡೆಯವರು, ವಧುವಿನ ಬದಿಯಲ್ಲಿ ಅವಳ ಕಡೆಯವರು ಕೂರುವುದು ಸಹಜ. ಆದರೆ ಊರಿನ ಅಮಲ್ದಾರರು ಬಂದಿದ್ದರೆ ನಡುವಿನ ಕುರ್ಚಿಗಳಲ್ಲೊಂದು ಅವರದಾಗುತ್ತಿತ್ತು, ಎತ್ತರದವರನ್ನು ಹಿಂದಕ್ಕೆ ಕಳುಹಿಸುವ ಆತುರದಲ್ಲಿ ಸ್ವಂತ ಅಣ್ಣನೂ ದೂರದ ನೆಂಟನೂ ಕಲೆತುಹೋಗುತ್ತಿದ್ದರು. ಧಾರೆಯ ಚಿತ್ರದಲ್ಲಿ ಗುರುತಿಸಿದ ಮುಖಗಳನ್ನು ಹಿಡಿದುಕೊಂಡು ಗುಂಪಿನ ಚಿತ್ರಕ್ಕೆ ಹೋಗಬೇಕೇ ಹೊರತು, ಗುಂಪಿನ ಚಿತ್ರದಿಂದ ಆರಂಭಿಸಬಾರದು. ವಧುವಿನ ತಾಯಿಯು ಧಾರೆಯಲ್ಲಿ ಮರೆಯಾಗಿದ್ದರೂ ಇಲ್ಲಿ ಕುರ್ಚಿಯ ಸಾಲಿನ ತುದಿಯಲ್ಲಿ ದೊರೆಯುವುದುಂಟು. ನಮ್ಮ ಕಟ್ಟಿನಲ್ಲಿದ್ದ ಗುಂಪಿನ ಚಿತ್ರದಲ್ಲಿ, ಕಂಬದ ಹಿಂದೆ ಕಂಡ ಆ ಅರ್ಧ ಮುಖವೇ, ವಧುವಿನ ಕಡೆಯ ಕೊನೆಯ ಕುರ್ಚಿಯಲ್ಲಿ, ಮಡಿಲಲ್ಲಿ ಒಂದು ಮಗುವನ್ನು ಕೂರಿಸಿಕೊಂಡು, ಪೂರ್ಣವಾಗಿ ಕಾಣುತ್ತದೆ.

ಇಷ್ಟಾದ ಮೇಲೆ ತಿಳಿದುದನ್ನು ಬರೆದಿಡುವ ಕೆಲಸ. ಚಿತ್ರದ ಬೆನ್ನ ಮೇಲೆ ಶಾಯಿಯಿಂದ ಬರೆದರೆ ಕಾಲಾಂತರದಲ್ಲಿ ಅದು ಮುಂಭಾಗಕ್ಕೆ ಇಳಿಯುವುದರಿಂದ, ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರವಾಗಿ ಬರೆಯಬೇಕು, ಇಲ್ಲವೆ ಬೇರೆ ಹಾಳೆಯ ಮೇಲೆ ಬರೆದು ಚಿತ್ರದೊಡನೆ ಇಡಬೇಕು. ಬರೆಯುವಾಗ ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸಬಾರದು. ನಮ್ಮ ಚಿತ್ರದ ಜೊತೆಗಿಟ್ಟ ಹಾಳೆಯಲ್ಲಿ ಈಗ ಹೀಗಿದೆ: ನಡುವೆ ಬಾಸಿಂಗ ಕಟ್ಟಿದವರು ವಧೂವರರು, ಧಾರೆ ಎರೆದುಕೊಟ್ಟವರು ವಧುವಿನ ಚಿಕ್ಕಪ್ಪ ಮತ್ತು ಚಿಕ್ಕಮ್ಮ, ಲಗ್ನಪತ್ರಿಕೆಯ ಆಧಾರದಿಂದ, ಬಲಗಡೆ ಕೈಯೆತ್ತಿದವರು ಪುರೋಹಿತರು, ಎಡಗಡೆಯ ಕಂಬದ ಹಿಂದೆ ನಿಂತವರು ವಧುವಿನ ತಾಯಿಯಿರಬೇಕು, ಗುಂಪಿನ ಚಿತ್ರದ ಕೊನೆಯ ಕುರ್ಚಿಯನ್ನು ನೋಡಿ, ವರನ ಹಿಂದೆ ಶಲ್ಯ ಹೊದ್ದು ನಿಂತವರು ಯಾರೆಂದು ಗೊತ್ತಾಗಿಲ್ಲ, ವರನ ಮನೆಯವರನ್ನು ಕೇಳಬೇಕು.